ವಾರಕ್ಕೆ ಎರಡು ದಿನದ ಕಸರತ್ತು, ದಿನಕ್ಕೊಂದು ಚಮಚ ಪುಡಿ

ನನ್ನ ಗಂಡನನ್ನು ಹಾಸಿಗೆಯಿಂದ ಕುರ್ಚಿಗೆ ದಾಟಿಸಲು ಒಂದು ಕ್ರಮವಿದೆ. ಕುರ್ಚಿಯನ್ನು ಅವರ ಬಲಗಡೆಗೇ ಇಡಬೇಕು, ಏಕೆಂದರೆ ಎಡಗೈ, ಎಡಗಾಲು ಪಾರ್ಶ್ವವಾಯುವಿನಲ್ಲಿ ಸೋತಿವೆ. ಮಂಚದ ಅಂಚಿಗೆ ಕೂರಿಸಿ, ಸೊಂಟಕ್ಕೆ ಅಗಲದ ಪಟ್ಟಿ ಬಿಗಿದು, ಅವರ ಎಡ ಮೊಣಕಾಲಿಗೆ ನನ್ನ ಮೊಣಕಾಲುಗಳ ಆಸರೆ ಕೊಟ್ಟು, ಅವರು ಮುಂದಕ್ಕೆ ಬಾಗುವಾಗ ನಾನು ನನ್ನ ತೊಡೆಯ ಬಲದಿಂದ ಏಳಬೇಕು. ಬೆನ್ನಿನಿಂದ ಎತ್ತಿದರೆ ಕೆಟ್ಟೆವು. ದಿನಕ್ಕೆ ಹಲವು ಸಲ ಇದು ನಡೆಯುತ್ತದೆ: ಬಚ್ಚಲಿಗೆ, ಊಟಕ್ಕೆ, ಜಗಲಿಗೆ, ಮತ್ತೆ ಮಂಚಕ್ಕೆ.

ಅವರು ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಬ್ಬಿನ ಗಾಡಿಗಳನ್ನು ತೂಗಿ ತೂಗಿ ತಾವೂ ಗಾಡಿಯಂತೆಯೇ ಬೆಳೆದವರು. ನಾನು ಮಹಿಳಾ ಹಾಲಿನ ಸಂಘಗಳ ಮೇಲ್ವಿಚಾರಕಿಯಾಗಿದ್ದೆ. ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳನ್ನು ಬೆಳಗಿನ ಹಾಲು ಅಳೆಯುವ ಹೊತ್ತಿಗೆ ಮುಟ್ಟಿ, ಸಂಜೆಯ ಹಾಲು ಮುಗಿದ ಮೇಲೆ ಪಾಂಡವಪುರದ ಮನೆಗೆ ಬರುತ್ತಿದ್ದೆ. ಹಸು ಯಾರಿಗೂ ರಜೆ ಕೊಡುವುದಿಲ್ಲ. ಹಾಗಾಗಿ ಹೊತ್ತಿಗೆ ಸರಿಯಾಗಿ ಏಳುವುದು, ಹೊತ್ತಿಗೆ ಸರಿಯಾಗಿ ಮಾಡುವುದು ನನಗೆ ಕಷ್ಟವಲ್ಲ. ಕಷ್ಟವಾದದ್ದು ಬಲದ ಮಾತು.

ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಅರ್ಧ ಎದ್ದವಳು ಪೂರ್ತಿ ಏಳಲಾರದೆ ಹೋದೆ. ಅವರನ್ನು ಬೀಳಿಸಲಿಲ್ಲ. ಇಬ್ಬರೂ ಮೆಲ್ಲಗೆ ಗೋಡೆಗೆ ಜಾರಿಕೊಂಡು ನೆಲದ ಮೇಲೆ ಕುಳಿತೆವು. ಪಕ್ಕದ ಮನೆಯವರು ಬಂದು ಎತ್ತುವವರೆಗೆ ಹಾಗೇ ಕುಳಿತಿದ್ದೆವು.

"ಲೇ, ಇಲ್ಲೇ ತಿಂಡಿ ತಂದ್ಬುಡು," ಎಂದರು ಅವರು. ಪಾರ್ಶ್ವವಾಯುವಿನ ನಂತರ ಮಾತು ತೊದಲುತ್ತದೆ. ತಮಾಷೆ ಮಾತ್ರ ತೊದಲುವುದಿಲ್ಲ.

ನಗಲು ನನ್ನಿಂದಾಗಲಿಲ್ಲ. ನಾನು ಎತ್ತಲಾರೆನಾದರೆ ಅವರು ಈ ಮನೆಯಲ್ಲಿ ಇರುವುದು ಹೇಗೆ?

ಈ ಪ್ರಶ್ನೆಗೆ ನನ್ನ ನಾದಿನಿಯ ಹತ್ತಿರ ಉತ್ತರ ಸಿದ್ಧವಿತ್ತು. ಆಕೆ ಇರುವುದು ನಾಗಮಂಗಲದಲ್ಲಿ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಪ್ರತಿ ಮಂಗಳವಾರ, ಶುಕ್ರವಾರ ಅಣ್ಣನನ್ನು ನೋಡಲು ಬರುತ್ತಿದ್ದಳು.

"ಅಣ್ಣನ್ನ ನಮ್ಮನೆಗೆ ಕಳ್ಸಿ ಅತ್ಗೆ. ಎತ್ತೋಕೆ ಇಬ್ರು ಗಂಡುಮಕ್ಕಳವ್ರೆ. ನೀವು ಎಷ್ಟ್ ದಿನ ಅಂತ ಇಂಗೆ ಗುದ್ದಾಡ್ತೀರಿ?"

ಅವಳ ಮನಸ್ಸು ಒಳ್ಳೆಯದು. ಆದರೆ ನನ್ನ ಗಂಡ ತಲೆಯನ್ನು ಗೋಡೆಯ ಕಡೆಗೆ ತಿರುಗಿಸಿದರು. ಅದೊಂದೇ ಉತ್ತರ ನನಗೆ ಸಾಕಾಯಿತು.

ನಮ್ಮ ಡಾಕ್ಟರು ನನ್ನ ರಕ್ತದೊತ್ತಡದ ಮಾತ್ರೆ ಬರೆಯುವವರು, ವರ್ಷಗಳಿಂದ ಬಲ್ಲವರು. "ನಿಮ್ಮ ಯಜಮಾನರಿಗಿಂತ ನಿಮಗೇ ಕಸರತ್ತು ಬೇಕಮ್ಮ, ವಯಸ್ಸಾದಂತೆ ಸ್ನಾಯು ಕರಗುತ್ತೆ, ಭಾರ ಎತ್ತಿದರೆ ಮಾತ್ರ ಮತ್ತೆ ಕೂಡುತ್ತೆ," ಎಂದರು. ನಾದಿನಿ ನಮ್ಮ ಮನೆಗೆ ಬಂದಿರುವ ಆ ಎರಡು ದಿನ, ಅವಳು ಅಣ್ಣನ ಹತ್ತಿರ ಕೂತು ಸೊಪ್ಪು ಬಿಡಿಸುವ ಹೊತ್ತಿನಲ್ಲಿ, ನಾನು ಜಿಮ್ಮಿಗೆ ಹೋಗಿ ಬರುವುದೆಂದು ನಿಶ್ಚಯವಾಯಿತು. ಹೋಗಿ ಬರುವುದೂ ಸೇರಿ ಒಂದು ಗಂಟೆ. ಅದಕ್ಕಿಂತ ಹೆಚ್ಚು ಸಮಯ ನನಗಿರಲಿಲ್ಲ.

ಜಿಮ್ಮು ಕೆ.ಆರ್. ಪೇಟೆ ರಸ್ತೆಯಲ್ಲಿ, ಟೈರ್ ಅಂಗಡಿಯ ಮೇಲೆ. ನಡೆಸುವವರು ಶ್ರೀರಂಗಪಟ್ಟಣದ ಒಬ್ಬ ಸಾಬರು. ನಲವತ್ತು ದಾಟಿದವರು, ಹಿಂದೆ ಗರಡಿಯಲ್ಲಿ ಕುಸ್ತಿ ಮಾಡಿದವರು. ಬೆಳಗಿನ ಹುಡುಗರೆಲ್ಲ ಹೋದ ಮೇಲೆ ಅಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರುವುದಿಲ್ಲ. ಸೀರೆಯ ಬದಲು ಚೂಡಿದಾರ ತೊಟ್ಟು ಬಂದ ನನ್ನನ್ನು ನೋಡಿ ಅವರೇನೂ ಬೆರಗಾಗಲಿಲ್ಲ.

"ಏನ್ ಎತ್ಬೇಕಮ್ಮ ನಿಮ್ಗೆ?"

"ನಮ್ಮ ಯಜಮಾನರನ್ನ."

"ತೂಕ?"

ಹೇಳಿದೆ. ಅವರು ಗಲ್ಲ ಕೆರೆದುಕೊಂಡರು. "ಅಲ್ಲಾ! ಅಂಗಾದ್ರೆ ಸೊಂಟ, ತೊಡೆ, ಬೆನ್ನು. ಮಿಕ್ಕಿದ್ದೆಲ್ಲ ಆಮೇಲೆ."

ಎದೆಗೆ ಒಂದು ಭಾರ ಅವುಚಿಕೊಂಡು ಬೆಂಚಿನಿಂದ ಏಳುವುದು, ಕೂರುವುದು. ನೆಲದ ಮೇಲಿನ ಕಬ್ಬಿಣವನ್ನು ಬೆನ್ನು ನೆಟ್ಟಗಿಟ್ಟು ಎತ್ತುವುದು. ಭಾರ ಕಟ್ಟಿದ ಹಗ್ಗವನ್ನು ಎದೆಯ ಕಡೆಗೆ ಎಳೆಯುವುದು. ಅಷ್ಟೇ. ಕೊನೆಯ ಎರಡು ಸಲ ಕಷ್ಟವಾಗುವಷ್ಟು ಭಾರ ಇರಬೇಕು, ಸುಲಭವಾದ ದಿನ ಸ್ವಲ್ಪ ಸೇರಿಸಬೇಕು. ಈ ನಿಯಮ ನನಗೆ ಹಿಡಿಸಿತು.

ಪುಡಿಯ ಮಾತು ತೆಗೆದವಳು ನಾನೇ. ಕಪಾಟಿನಲ್ಲಿ ಸಾಲಾಗಿಟ್ಟ ಡಬ್ಬಗಳನ್ನು ನೋಡಿ, ಇವುಗಳಲ್ಲಿ ನನಗೆ ಬೇಕಾದದ್ದು ಯಾವುದಾದರೂ ಇದೆಯೇ ಎಂದು ಕೇಳಿದೆ.

"ಮುಕ್ಕಾಲು ಪಾಲು ಬ್ಯಾಡ. ಈ ಒಂದು, ಕ್ರಿಯಾಟಿನ್ ಅಂತ, ಇದರಲ್ಲಿ ಏನೋ ಸ್ವಲ್ಪ ಹುರುಳಿದೆ."

"ಏನು ಮಾಡುತ್ತೆ?"

"ಸ್ನಾಯುವಿನೊಳಗೆ ದಿಢೀರ್ ಬಲಕ್ಕೆ ಒಂದು ಸಾಮಾನು ಇರ್ತದೆ. ನಮ್ಮ ಮೈಯೇ ಮಾಡ್ಕೊಳ್ತದೆ, ಮಾಂಸ ಮೀನಲ್ಲೂ ಸಿಗ್ತದೆ. ಇದು ಅದನ್ನ ಒಸಿ ತುಂಬಿಸ್ತದೆ. ಹತ್ತು ಸಲ ಎತ್ತೋ ಕಡೆ ಹನ್ನೊಂದು ಸಲ ಎತ್ತಬಹುದು. ನೀವು ಮಾಂಸ ತಿಂತೀರಾ?"

"ಬಿಟ್ಟು ಬಹಳ ವರ್ಷವಾಯಿತು."

"ಅಂಗಿದ್ರೆ ನಿಮ್ಮಲ್ಲಿ ಅದು ಕಮ್ಮಿ ಇರ್ತದೆ. ಬೇರೆಯೋರಿಗಿಂತ ಜಾಸ್ತಿ ಗುಣ ಗೊತ್ತಾಗಬೋದು."

"ವಾರಕ್ಕೆ ಎರಡೇ ದಿನ ಬರುವವಳಿಗೆ ಇದು ದಂಡವಲ್ಲವೇ?"

ಅವರು ನಕ್ಕರು. "ಮಾರೋನ್ನೇ ಕೇಳ್ತೀರಲ್ಲ! ನಿಜ ಹೇಳ್ತೀನಿ. ಕಬ್ಬಿಣ ಎತ್ತದೆ ಬರೀ ಇದನ್ನ ತಿಂದ್ರೆ ದಂಡ. ಎತ್ತೋದು ಎರಡೇ ದಿನ ಆದ್ರೂ ನೆಟ್ಟಗೆ ಎತ್ತಿದ್ರೆ ಒಸಿ ಸಹಾಯ. ಒಸಿ ಅಂದ್ರೆ ಒಸಿನೇ. ಡಾಕ್ಟ್ರನ್ನ ಒಂದ್ ಮಾತು ಕೇಳ್ಬುಡಿ."

ಡಾಕ್ಟರನ್ನು ಕೇಳುವುದನ್ನು ಬಿಟ್ಟು ಉಳಿದೆಲ್ಲ ಮಾಡಿದೆ. ಆಹಾರದ ಪುಡಿಗೆ ಡಾಕ್ಟರೇಕೆ ಎಂದುಕೊಂಡೆ. ಒಂದು ಡಬ್ಬ ಕೊಂಡು, ಜಿಮ್ಮಿಗೆ ಹೋಗುವ ದಿನ, ಹೋಗದ ದಿನ ಎಂಬ ಭೇದವಿಲ್ಲದೆ ದಿನಕ್ಕೆ ಮೂರು ಗ್ರಾಮಿನ ಒಂದು ಚಿಕ್ಕ ಚಮಚ ನೀರಿನಲ್ಲಿ ಕದಡಿ ಕುಡಿಯತೊಡಗಿದೆ. ಅದು ಆವೊತ್ತು ತಿಂದು ಆವೊತ್ತೇ ಕೆಲಸಕ್ಕೆ ಬರುವ ವಸ್ತುವಲ್ಲವಂತೆ. ದಿನವೂ ಸ್ವಲ್ಪ ಸ್ವಲ್ಪ ಸೇರುತ್ತ ಒಂದು ತಿಂಗಳ ಹೊತ್ತಿಗೆ ಸ್ನಾಯು ತುಂಬಿಕೊಳ್ಳುತ್ತದಂತೆ. ಹಸುಗಳಿಗೆ ಖನಿಜ ಮಿಶ್ರಣವನ್ನು ದಿನವೂ ಕೊಡಿ, ಹಾಲು ಕಡಿಮೆಯಾದ ದಿನ ಮಾತ್ರ ಕೊಟ್ಟರೆ ಪ್ರಯೋಜನವಿಲ್ಲ ಎಂದು ಹಳ್ಳಿ ಹಳ್ಳಿಯಲ್ಲಿ ಗಂಟಲು ಹರಿದುಕೊಂಡವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಲ ವಾರಗಳಲ್ಲಿ ನನ್ನ ತೂಕ ಒಂದು ಕಿಲೋದಷ್ಟು ಏರಿತು. ಸ್ನಾಯು ನೀರು ಹಿಡಿದುಕೊಳ್ಳುತ್ತದೆ, ಅದು ಸಹಜ ಎಂದು ಜಿಮ್ಮಿನವರು ಮೊದಲೇ ಹೇಳಿದ್ದರು. ನಾದಿನಿ ಬಿಡಲಿಲ್ಲ.

"ಹಾಲಿಗೆ ನೀರಾಕಿದೋರ್ನ ಹಿಡಿಯೋ ಕೆಲಸ ಮಾಡ್ದೋರು, ಈಗ ನೀವೇ ನೀರಾಕಿಸ್ಕೊಂಡ್ ಬಂದಿದ್ದೀರಲ್ಲ!"

"ಗಾಡಿ ತೂಕ ಕಳೆದು ನೋಡವ್ವ," ಎಂದರು ನನ್ನ ಗಂಡ ಮಂಚದಿಂದ. "ಸರಕು ಎಷ್ಟಿದೆಯೋ ಆಮೇಲೆ ಹೇಳಾವ."

ಸರಕು ನಿಜವಾಗಿಯೂ ಏರಿತ್ತು. ಎರಡು ತಿಂಗಳು ಕಳೆಯುವ ಹೊತ್ತಿಗೆ ನಾನು ಅವರನ್ನು ಕುರ್ಚಿಗೆ ದಾಟಿಸುವಾಗ ಹಲ್ಲು ಕಚ್ಚುವುದು ನಿಂತಿತ್ತು. ಬಚ್ಚಲ ಬಾಗಿಲಿನ ಹೊಸ್ತಿಲು ನನಗೆ ಹೆದರಿಕೆಯ ಜಾಗವಾಗಿ ಉಳಿಯಲಿಲ್ಲ. ನಾದಿನಿಯೂ ಅಣ್ಣನನ್ನು ಕರೆದೊಯ್ಯುವ ಮಾತು ನಿಲ್ಲಿಸಿದ್ದಳು.

ಆಗ ಬಂತು ರಕ್ತ ಪರೀಕ್ಷೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಆಗಾಗ ಮಾಡಿಸುವ ಪರೀಕ್ಷೆಯೇ. ನಾನು ಜಿಮ್ಮಿಗೆ ಹೋಗಿಬಂದ ಮಾರನೆಯ ದಿನ ಬೆಳಿಗ್ಗೆ ರಕ್ತ ಕೊಟ್ಟು ಬಂದಿದ್ದೆ. ವರದಿ ನೋಡಿದ ಡಾಕ್ಟರ ಮುಖ ಗಂಭೀರವಾಯಿತು.

"ಮೂತ್ರಪಿಂಡ ಶೋಧಿಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರಿದೆಯಮ್ಮ. ಹಿಂದೆಲ್ಲ ಸರಿಯಾಗಿತ್ತು. ಈ ಲೆಕ್ಕದಲ್ಲಿ ಮೂತ್ರಪಿಂಡ ನಿಧಾನವಾಗಿದೆ ಅಂತ ಬರುತ್ತೆ. ಬೇರೆ ಯಾವುದಾದರೂ ಔಷಧಿ ತಗೊಳ್ತಿದ್ದೀರಾ? ನೋವಿನ ಮಾತ್ರೆ? ನಾಟಿ ಔಷಧಿ?"

"ಇಲ್ಲ ಡಾಕ್ಟ್ರೇ. ಒಂದೂ ಇಲ್ಲ."

ನಾನು ಸುಳ್ಳು ಹೇಳಲಿಲ್ಲ. ಔಷಧಿ ಬೇರೆ, ಮೇವು ಬೇರೆ ಎಂಬುದು ನನ್ನ ಉದ್ಯೋಗ ನನಗೆ ಕಲಿಸಿದ ಮೊದಲ ಪಾಠ. ಹಸುವಿಗೆ ಇಂಜೆಕ್ಷನ್ ಕೊಡಿಸಿದರೆ ಆ ಹಾಲನ್ನು ಸಂಘಕ್ಕೆ ಹಾಕಬಾರದು, ಕೇಳಿದಾಗ ಮುಚ್ಚಿಡದೆ ಹೇಳಬೇಕು. ಹಿಂಡಿ, ಬೂಸಾ, ಖನಿಜದ ಪುಡಿಯನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ, ಏಕೆಂದರೆ ಅದು ಮೇವು. ಆ ಡಬ್ಬದ ಪುಡಿ ನನ್ನ ಲೆಕ್ಕದಲ್ಲಿ ಮೇವಿನ ಪಕ್ಕದಲ್ಲಿ ಕುಳಿತಿತ್ತು. ಡಾಕ್ಟರು ಔಷಧಿ ಕೇಳಿದರು, ನಾನು ಔಷಧಿ ಇಲ್ಲವೆಂದೆ.

"ಹಾಗಾದರೆ ಮೈಸೂರಿನಲ್ಲಿ ಮೂತ್ರಪಿಂಡದ ತಜ್ಞರಿಗೆ ತೋರಿಸಬೇಕಾಗುತ್ತೆ. ಶುಕ್ರವಾರ ಬನ್ನಿ, ಪತ್ರ ಕೊಡ್ತೀನಿ. ಅಲ್ಲೀತನಕ ಭಾರ ಎತ್ತೋದು ಬೇಡ."

ಭಾರ ಎತ್ತುವುದು ಬೇಡ! ಡಾಕ್ಟರು ಹೇಳಿದ್ದು ಜಿಮ್ಮಿನ ಭಾರವನ್ನು. ನನ್ನ ಕಣ್ಣ ಮುಂದೆ ಬಂದದ್ದು ಮಂಚದ ಅಂಚಿನಲ್ಲಿ ಕೂತು ನನ್ನ ಕೈಗಾಗಿ ಕಾಯುವ ಮನುಷ್ಯ. ನನಗೇ ಕಾಯಿಲೆಯಾದರೆ ಅವರನ್ನು ನಾಗಮಂಗಲಕ್ಕೆ ಕಳಿಸದೆ ಬೇರೆ ದಾರಿಯಿಲ್ಲ. ನಾದಿನಿಗೆ ಫೋನಿನಲ್ಲಿ ಹೇಳಿದಾಗ ಅವಳೂ ಅದನ್ನೇ ಹೇಳಿದಳು. ಈ ಸಲ ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ.

"ಭಾನುವಾರ ಹೈಕಳು ಗಾಡಿ ತಗೊಂಡ್ ಬತ್ತವ್ರೆ ಅತ್ಗೆ. ಅಣ್ಣನ ಬಟ್ಟೆ ಜೋಡಿಸ್ಬುಡಿ."

ಜೋಡಿಸಿದೆ. ನಾಲ್ಕು ಪಂಚೆ, ಅಂಗಿಗಳು, ಮಾತ್ರೆಗಳ ಡಬ್ಬಿ. ಅವರು ನೋಡುತ್ತಲೇ ಇದ್ದರು. ತಮಾಷೆ ಮಾಡಲಿಲ್ಲ. ಅದು ನನಗೆ ತೀರ ಕಷ್ಟವಾಯಿತು.

ಶುಕ್ರವಾರ ನಾದಿನಿ ತಾನೂ ಡಾಕ್ಟರ ಹತ್ತಿರ ಬರುತ್ತೇನೆಂದು ಹಟ ಹಿಡಿದಳು. ಪಕ್ಕದ ಮನೆಯಾಕೆಯನ್ನು ಇವರ ಹತ್ತಿರ ಕೂರಿಸಿ ಹೊರಟೆವು. ಅವಳ ಕಂಕುಳಲ್ಲಿ ಒಂದು ಬಟ್ಟೆಯ ಚೀಲವಿತ್ತು. ತರಕಾರಿಗೆ ತಂದಿರಬೇಕು ಎಂದುಕೊಂಡೆ. ಡಾಕ್ಟರು ಪೆನ್ನು ತೆಗೆಯುತ್ತಿದ್ದಂತೆ ಅವಳು ಚೀಲದಿಂದ ನನ್ನ ಪುಡಿಯ ಡಬ್ಬವನ್ನು ಎಳೆದು ಮೇಜಿನ ಮೇಲೆ ದಪ್ ಎಂದು ಕುಕ್ಕಿದಳು.

"ಇದೇ ಕಣ್ ಸ್ವಾಮಿ ನಮ್ಮತ್ಗೆ ಕಿಡ್ನಿ ತಿಂದಿದ್ದು! ಆ ಜಿಮ್ಮಿನೋನ್ನ ಸುಮ್ನೆ ಬುಡಬ್ಯಾಡಿ!"

ನಾನು ನಾಚಿಕೆಯಿಂದ ಕುಗ್ಗಿದೆ. ಡಾಕ್ಟರು ಡಬ್ಬವನ್ನು ತಿರುಗಿಸಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಕುರ್ಚಿಗೆ ಒರಗಿ ಜೋರಾಗಿ ಉಸಿರು ಬಿಟ್ಟರು.

"ಇದನ್ನ ದಿನಾ ತಗೊಳ್ತಿದ್ರಾ?"

"ಹೌದು."

"ಮೊನ್ನೆ ಕೇಳಿದಾಗ ಯಾಕಮ್ಮ ಹೇಳಲಿಲ್ಲ?"

"ನೀವು ಔಷಧಿ ಕೇಳಿದಿರಿ. ಇದು ಮೇವು."

ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಗಂಭೀರವಾಗಿ ವಿವರಿಸಿದರು. ಸ್ನಾಯುವಿನಲ್ಲಿರುವ ಈ ವಸ್ತು ಸವೆದು ಹೊರಬೀಳುವ ಕಸವೇ ರಕ್ತದಲ್ಲಿ ಅಳೆಯುವ ಆ ಕ್ರಿಯಾಟಿನಿನ್. ಮೂತ್ರಪಿಂಡ ಸೋತರೂ ಅದು ರಕ್ತದಲ್ಲಿ ಏರುತ್ತದೆ. ಮೂತ್ರಪಿಂಡ ಸರಿಯಿದ್ದು, ಪುಡಿ ತಿಂದು ಕಸವೇ ಹೆಚ್ಚಾಗಿದ್ದರೂ ಕೊಂಚ ಏರುತ್ತದೆ. ಹಿಂದಿನ ದಿನ ಭಾರ ಎತ್ತಿದ್ದೂ ಒಂದಿಷ್ಟು ಸೇರಿರಬಹುದು. ಬಾಗಿಲಲ್ಲಿ ಕಸ ಹೆಚ್ಚು ಕಂಡರೆ ಗುಡಿಸುವವರು ಬಂದಿಲ್ಲ ಎಂದೇ ಅರ್ಥವಲ್ಲ, ಮನೆಯಲ್ಲಿ ಕಸ ಹೆಚ್ಚಾಗಿರಬಹುದು ಎಂದರು.

"ಅಂದ್ರೆ ಕಿಡ್ನಿ ಚೆನ್ನಾಗೈತಾ?" ನಾದಿನಿ ಅರ್ಧ ನಿರಾಸೆಯಿಂದ ಕೇಳಿದಳು.

"ಹಾಗೆ ಊಹೆ ಮಾಡಿ ಕಳಿಸೋಕಾಗಲ್ಲ. ನೋಡಬೇಕು. ಸ್ನಾಯುವಿಗೂ ಈ ಪುಡಿಗೂ ಸಂಬಂಧವಿಲ್ಲದ ಇನ್ನೊಂದು ಪರೀಕ್ಷೆ ಇದೆ, ಸಿಸ್ಟಾಟಿನ್ ಅಂತ. ರಕ್ತ ಮೈಸೂರಿಗೆ ಹೋಗಬೇಕು. ಮೂತ್ರವನ್ನೂ ನೋಡೋಣ. ಅಲ್ಲೀತನಕ ಪುಡಿ ನಿಲ್ಲಿಸಿ. ತಿಂಗಳಾದ ಮೇಲೆ ಹಳೇ ಪರೀಕ್ಷೆ ಮತ್ತೆ ಮಾಡೋಣ, ಎರಡು ದಿನ ಮುಂಚೆಯಿಂದ ಜಿಮ್ಮು ಬೇಡ."

ನಾನು ನಾದಿನಿಯ ಕಡೆ ತಿರುಗಿದೆ. "ಭಾನುವಾರ ಗಾಡಿ ಬೇಡ. ಆ ವರದಿ ಬರಲಿ."

ಅವಳು ಡಬ್ಬವನ್ನು ಚೀಲಕ್ಕೆ ತುರುಕುತ್ತ, "ಬರ್ಲಿ ಬುಡಿ," ಎಂದಳು.

ಮೈಸೂರಿನ ವರದಿ ಮುಂದಿನ ವಾರವೇ ಬಂತು. ಮೂತ್ರಪಿಂಡ ನನ್ನ ವಯಸ್ಸಿಗೆ ತಕ್ಕಂತೆ ಸರಿಯಾಗಿ ಕೆಲಸ ಮಾಡುತ್ತಿತ್ತು. ಮೂತ್ರದಲ್ಲೂ ದೋಷವಿರಲಿಲ್ಲ. ಡಾಕ್ಟರು ಫೋನಿನಲ್ಲಿ ಹೇಳಿ, "ಜಿಮ್ಮಿಗೆ ಹೋಗಿ, ಪುಡಿ ಮಾತ್ರ ತಿಂಗಳು ತುಂಬುವವರೆಗೆ ಬೇಡ," ಎಂದರು. ನಾನು ಫೋನು ಇಟ್ಟೆ. ಆಮೇಲೆ ಹೋಗಿ ಅವರ ಪಂಚೆಗಳನ್ನು ಮತ್ತೆ ಬೀರುವಿಗಿಟ್ಟೆ.

ಆದರೂ ಒಂದು ಮುಳ್ಳು ಒಳಗೇ ಉಳಿದಿತ್ತು. ಪುಡಿ ನಿಂತಿತಲ್ಲ, ಬಲವೂ ನಿಲ್ಲುತ್ತದೆಯೇ? ಈ ಎರಡು ತಿಂಗಳ ಬಲ ನನ್ನದೋ ಡಬ್ಬದ್ದೋ? ಡಬ್ಬದ್ದಾದರೆ ಬಚ್ಚಲ ಬಾಗಿಲು ಮತ್ತೆ ಹಳೆಯ ಬಾಗಿಲೇ.

ಜಿಮ್ಮಿನವರಿಗೆ ನಡೆದದ್ದೆಲ್ಲ ಹೇಳಿದೆ. ಜಿಮ್ಮಿನವನನ್ನು ಸುಮ್ಮನೆ ಬಿಡಬೇಡಿ ಎಂದು ನಾದಿನಿ ಹೇಳಿದ್ದನ್ನು ಕೇಳಿ ಕಿವಿ ಮುಟ್ಟಿಕೊಂಡರು. "ತೌಬಾ! ಆಯಮ್ಮ ಇತ್ತಕಡೆ ಬಂದ್ರೆ ನಾನು ಟೈರ್ ಅಂಗಡಿ ಒಳಗೆ ಕುಂತ್ಕೊತೀನಿ." ಆಮೇಲೆ ಕಬ್ಬಿಣದ ಸರಳಿಗೆ ಭಾರದ ಬಿಲ್ಲೆ ಸೇರಿಸುತ್ತ ಹೇಳಿದರು: "ಎತ್ತಿ ನೋಡಿ. ಕೇಳೋದೇನೈತೆ?"

ಎತ್ತಿದೆ. ಮೊದಲ ವಾರ ವ್ಯತ್ಯಾಸ ಕಾಣಲಿಲ್ಲ. ತುಂಬಿದ್ದು ಇಳಿಯಲೂ ಕೆಲವು ವಾರ ಬೇಕಲ್ಲ. ತಿಂಗಳ ಕೊನೆಗೆ ತೂಕ ಕೊಂಚ ಇಳಿದಿತ್ತು. ಬೆಂಚಿನಿಂದ ಏಳುವ ಕಸರತ್ತಿನ ಕೊನೆಯ ಸುತ್ತಿನಲ್ಲಿ ಒಂದು ಸಲ ಕಡಿಮೆಯಾಯಿತು. ಮೊದಲು ಹತ್ತಾಗುತ್ತಿದ್ದದ್ದು ಒಂಬತ್ತಕ್ಕೆ ನಿಂತಿತು. ನಿದ್ದೆ ಕಡಿಮೆಯಾದ ವಾರಗಳಲ್ಲೂ ಹಾಗಾಗುತ್ತದೆ, ಪುಡಿಯಿಂದಲೇ ಎಂದು ಆಣೆ ಮಾಡಲಾರೆ. ಒಂದೇ ಹಸುವನ್ನು ನೋಡಿ ಹಿಂಡಿಯ ಗುಣ ಹೇಳಬಾರದು ಎಂದು ನಾನೇ ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ.

ಮನೆಯಲ್ಲಿ ಮಾತ್ರ ಏನೂ ಕಡಿಮೆಯಾಗಲಿಲ್ಲ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಪ್ರತಿಸಲವೂ ತೊಡೆಗಳು ನನ್ನನ್ನು ಎತ್ತಿದವು, ನಾನು ಅವರನ್ನು ಎತ್ತಿದೆ. ಅವರ ಬಲಗಾಲೂ ಮೊದಲಿಗಿಂತ ಹೆಚ್ಚು ಭಾರ ಹೊರುತ್ತಿತ್ತು. ಬಲ ಬಂದದ್ದು ಆ ಎರಡು ದಿನಗಳಿಂದ. ಪುಡಿ ಅದರ ಮೇಲೆ ಹಾಕಿದ ಒಗ್ಗರಣೆಯಷ್ಟೆ. ಇದನ್ನು ತಿಳಿದಾಗ ಆದ ಸಮಾಧಾನ ಮೈಸೂರಿನ ವರದಿ ಕೊಟ್ಟದ್ದಕ್ಕಿಂತ ದೊಡ್ಡದು.

ತಿಂಗಳು ತುಂಬಿ ಹಳೆಯ ಪರೀಕ್ಷೆಯನ್ನೂ ಮತ್ತೆ ಮಾಡಿಸಿದೆವು. ಅಂಕಿ ಮೊದಲಿನ ಜಾಗಕ್ಕೇ ಇಳಿದಿತ್ತು.

"ಈಗ ಹೇಳಿ ಡಾಕ್ಟ್ರೇ, ವಾರಕ್ಕೆ ಎರಡೇ ದಿನ ಎತ್ತುವವಳಿಗೆ ಇದು ಬೇಕೋ ಬೇಡವೋ?"

"ಬೇಕೇ ಬೇಕು ಅಂತಿಲ್ಲ. ತಿಂದರೆ ನಿಮಗೆ ತೊಂದರೆ ಕಾಣಲ್ಲ, ಚೂರು ಲಾಭ ಇರಬಹುದು. ಕಸರತ್ತು ಬಿಟ್ಟು ಪುಡಿ ಮಾತ್ರ ಉಳಿಸಿಕೊಂಡರೆ ನನ್ನ ಹತ್ತಿರ ಬರಬೇಡಿ. ರಕ್ತ ಕೊಡುವಾಗ ಪ್ರತಿಸಲ ಹೇಳಬೇಕು. ಮೇವನ್ನೂ ಹೇಳಬೇಕು."

ಮನೆಗೆ ಬರುವ ದಾರಿಯಲ್ಲಿ ಯೋಚಿಸಿದೆ. ಸಮಯವಿರುವವರು ಮೂರನೆಯ ದಿನ ಸೇರಿಸಿಕೊಳ್ಳಬಹುದು. ನನಗೆ ಮೂರನೆಯ ದಿನವಿಲ್ಲ. ಇರುವ ಎರಡು ದಿನಗಳಲ್ಲಿ ಸುತ್ತಿಗೊಂದು ಸಲ ಹೆಚ್ಚು ಎತ್ತುವಂತಾದರೆ ಅಷ್ಟೂ ನನಗೆ ದಕ್ಕಿದ ಹಾಗೆ. ದಕ್ಕದಿದ್ದರೂ ಕೆಲಸ ನಿಲ್ಲುವುದಿಲ್ಲ. ಹಾಗಾಗಿ ಪುಡಿಯನ್ನು ಮತ್ತೆ ಶುರು ಮಾಡಿದೆ, ಈ ಸಲ ಆಸೆಯೂ ಇಲ್ಲದೆ, ಅಂಜಿಕೆಯೂ ಇಲ್ಲದೆ. ಡಬ್ಬ ಖಾಲಿಯಾಗಿ ನಾಲ್ಕು ದಿನ ತಪ್ಪಿದರೆ ತಲೆಕೆಡಿಸಿಕೊಳ್ಳುವುದಿಲ್ಲ. ಮಂಗಳವಾರ, ಶುಕ್ರವಾರದ ಕಸರತ್ತು ಮಾತ್ರ ತಪ್ಪಿಸುವುದಿಲ್ಲ.

ಡಾಕ್ಟರನ್ನು ಕಂಡು ಬಂದ ಆ ಸಂಜೆ ನಾದಿನಿ ನಾಗಮಂಗಲದ ಬಸ್ಸಿಗೆ ಹೊರಡುವ ಮುಂಚೆ ಕೊನೆಯ ಪ್ರಯತ್ನ ಮಾಡಿದಳು. "ಅಂಗಾರೆ ಅಣ್ಣ ಬರಾಕಿಲ್ಲ? ಒಂದ್ ತಿಂಗಳಾದ್ರೂ ಇದ್ದು ಬರ್ಲಿ ಅಂತಿದ್ದೆ."

"ನಿಮ್ಮನೆ ಮುದ್ದೆ ಕಲ್ಲು ಕಣವ್ವ," ಎಂದರು ಅವರು. "ಎತ್ತೋಕೆ ನಿನ್ ಮಕ್ಕಳವ್ರೆ, ನುಂಗೋಕೆ ಯಾರವ್ರೆ?"

ಅವಳು ಚಪ್ಪಲಿ ಮೆಟ್ಟುತ್ತ ಬಾಯ್ತುಂಬ ಬೈದಳು. ಬಾಗಿಲಿನವರೆಗೆ ಹೋಗಿ ಕಳಿಸಬೇಕು ಎಂದು ಅವರಿಗೆ ಆಸೆಯಾಯಿತು. ನಾನು ಕುರ್ಚಿಯನ್ನು ಬಲಗಡೆಗೆ ತಂದು, ಪಟ್ಟಿ ಬಿಗಿದು, ಮೊಣಕಾಲು ಕೊಟ್ಟೆ. ಅವರು ಮುಂದಕ್ಕೆ ಬಾಗಿದರು. ಎದ್ದೆವು.